ಜಾಕೆಟ್ ಸೋರ್ತಿಲ್ಲ, ಆದ್ರೂ ಯಾಕೆ ಒಳಗೆ ನೆನೀತೀವಿ?

ಹೋದ ವರ್ಷ ಜೂನ್‌ನಲ್ಲಿ ನಮ್ಮ ದೊಡ್ಡಮ್ಮನ ಮಗ ಅವನ ಟ್ರೆಕ್ಕಿಂಗ್ ರೈನ್ ಜಾಕೆಟ್‌ನ ನಂಗೆ ಕೊಟ್ಟ. ಕುಮಾರ ಪರ್ವತಕ್ಕೆ ಅಂತ ತಗೊಂಡಿದ್ದು, ಹಾಕ್ಕೊಂಡಿದ್ದು ಒಂದೇ ಸಲ. ನೀಲಿ ಬಣ್ಣ, ಹಗುರ, ಲೇಬಲ್ ಮೇಲೆ ವಾಟರ್‌ಪ್ರೂಫ್ ಮತ್ತು ಬ್ರೀದಬಲ್ ಅಂತ ಎರಡೂ ಬರೆದಿತ್ತು. ಮೊದಲನೇ ಮಳೇಲಿ ಹಾಕ್ಕೊಂಡು ಸುಮನಹಳ್ಳಿ ಕಡೆಯಿಂದ ಮಾಗಡಿ ರೋಡ್‌ನಲ್ಲಿ ಗಾಡಿ ಓಡಿಸ್ಕೊಂಡು ಬಂದೆ. ತೋಳಿನ ಮೇಲೆ ಬಿದ್ದ ನೀರು ಕೆಸುವಿನ ಎಲೆ ಮೇಲೆ ಉರುಳೋ ಹಾಗೆ ಮುತ್ತು ಮುತ್ತಾಗಿ ಉರುಳಿ ಹೋಗ್ತಿತ್ತು. ಕಾಮಾಕ್ಷಿಪಾಳ್ಯ ಮುಟ್ಟಿ ಮನೆ ಬಾಗಿಲಲ್ಲಿ ಒಂದ್ಸಲ ಕೊಡವಿದೆ, ಜಾಕೆಟ್ ಒಣಗಿಹೋಯ್ತು.

ಸೆಪ್ಟೆಂಬರ್ ಹೊತ್ತಿಗೆ ಅದೇ ಜಾಕೆಟ್ ಮಳೆಗೆ ಬಿದ್ದ ತಕ್ಷಣ ನೀಲಿಯಿಂದ ಕಡುನೀಲಿ ಆಗೋದಕ್ಕೆ ಶುರುವಾಯ್ತು. ಮುತ್ತು ಇಲ್ಲ, ಉರುಳೋದು ಇಲ್ಲ. ಬಟ್ಟೆ ನೀರು ಕುಡಿದು ಭಾರ ಆಗ್ತಿತ್ತು, ಮನೆಗೆ ಬರೋಷ್ಟರಲ್ಲಿ ಒಳಗಿನ ಟೀ ಶರ್ಟ್ ಒದ್ದೆ. ನಾನು "ಇದು ಸೋರ್ತಿದೆ, ಮುಗೀತು ಇದರ ಕಥೆ" ಅಂದ್ಕೊಂಡೆ. ಮಧ್ಯದಲ್ಲಿ ಆಗಿದ್ದು ಇಷ್ಟು: ಮೂರು ತಿಂಗಳಲ್ಲಿ ಅಮ್ಮ ಅದನ್ನ ಐದಾರು ಸಲ ಒಗೆದಿದ್ರು. ಮನೇಲಿ ಮಿಕ್ಕಿದ್ದೆಲ್ಲ ಹೇಗೆ ಒಗೀತಾರೋ ಹಾಗೇ. ರಾತ್ರಿ ಬಕೆಟ್‌ನಲ್ಲಿ ಪೌಡರ್ ಹಾಕಿ ನೆನೆಸೋದು, ಬೆಳಿಗ್ಗೆ ಕಲ್ಲಿನ ಮೇಲೆ ಬ್ರಷ್ ಹಾಕಿ ಉಜ್ಜೋದು, ಒಂದೊಂದ್ಸಲ ಮೆಷಿನ್‌ಗೆ ಹಾಕಿ ಕೊನೇಲಿ ಘಮ ಬರ್ಲಿ ಅಂತ ಒಂದು ಮುಚ್ಚಳ ಕಂಡೀಷನರ್. ಜಾಕೆಟ್ ತುಂಬಾ ಸ್ವಚ್ಛವಾಗಿತ್ತು, ಘಮಘಮ ಅಂತಿತ್ತು. ಕೆಟ್ಟಿದ್ದು ಅದಕ್ಕೇ ಅಂತ ಗೊತ್ತಾಗೋಕೆ ನಂಗೆ ಎರಡು ವಾರ ಬೇಕಾಯ್ತು.

ಎಸೆಯೋಕೆ ಮುಂಚೆ ಒಂದು ಪರೀಕ್ಷೆ ಮಾಡಿದೆ. ನೀವೂ ಮಾಡಬಹುದು. ಜಾಕೆಟ್‌ನ ಬೆನ್ನಿನ ಭಾಗದ ಬಟ್ಟೆಯನ್ನ ಒಂದು ಬಟ್ಟಲಿನ ಮೇಲೆ ಸ್ವಲ್ಪ ಗುಳಿ ಬೀಳೋ ಹಾಗೆ ಹಾಸಿ. ಹೊರಮೈ ಮೇಲಿರಲಿ. ಅಡಿಯಲ್ಲಿ ಬಟ್ಟೆಗೆ ತಾಗೋ ಹಾಗೆ ಒಣ ಟಿಶ್ಯೂ ಪೇಪರ್ ಇಡಿ. ಗುಳಿಗೆ ಒಂದು ಲೋಟ ನೀರು ಹುಯ್ದು ಹತ್ತು ನಿಮಿಷ ಬಿಡಿ. ನನ್ನ ಜಾಕೆಟ್‌ನಲ್ಲಿ ಹೊರಗಿನ ಬಟ್ಟೆ ಪೂರ್ತಿ ನೆಂದಿತ್ತು, ಆದ್ರೆ ಟಿಶ್ಯೂ ಗರಿಗರಿಯಾಗಿ ಒಣಗೇ ಇತ್ತು. ಅಂದ್ರೆ ಜಾಕೆಟ್ ಸೋರ್ತಾನೇ ಇಲ್ಲ! ಹಾಗಾದ್ರೆ ಒಳಗಿನ ನೀರು ಎಲ್ಲಿಂದ ಬಂತು?

ಇದಕ್ಕೆ ಜಾಕೆಟ್ ಹೇಗೆ ಕಟ್ಟಿರ್ತಾರೆ ಅಂತ ನೋಡಬೇಕು. ನಮ್ಮ ಕಡೆ ಗಾಡಿ ಸೀಟ್ ಕೆಳಗೆ ಮಡಚಿ ಇಡೋ ಸಾಮಾನ್ಯ ರೇನ್‌ಕೋಟ್ ಅಂದ್ರೆ ಬಟ್ಟೆಗೆ ಪ್ಲಾಸ್ಟಿಕ್ ಹೊದಿಕೆ, ಅಷ್ಟೇ. ನೀರು ಒಳಗೆ ಬರಲ್ಲ, ಬೆವರೂ ಹೊರಗೆ ಹೋಗಲ್ಲ. ಬ್ರೀದಬಲ್ ಜಾಕೆಟ್ ಬೇರೆ ಥರ. ಅದು ಲ್ಯಾಮಿನೇಟ್, ಅಂದ್ರೆ ಬೇರೆ ಬೇರೆ ಪದರಗಳನ್ನ ಅಂಟಿಸಿ ಮಾಡಿದ್ದು. ಹೊರಗಡೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ. ಅದರ ಹಿಂದೆ ತೀರಾ ತೆಳುವಾದ ಒಂದು ಪೊರೆ, ಮೆಂಬ್ರೇನ್. ಅದರ ಹಿಂದೆ ಪೊರೆಗೆ ಗೀಚು ಬೀಳದಿರಲಿ ಅಂತ ಒಂದು ತೆಳು ಲೈನಿಂಗ್. ನೀರು ತಡೆಯೋ ನಿಜವಾದ ಕೆಲಸ ಮಧ್ಯದ ಪೊರೆಯದ್ದು. 1969ರಲ್ಲಿ ಬಾಬ್ ಗೋರ್ ಅನ್ನೋರು ಪಿಟಿಎಫ್‌ಇ ಸರಳನ್ನ ಮೆಲ್ಲಗೆ ಎಳೆಯೋ ಬದಲು ಝಟ್ ಅಂತ ಎಳೆದಾಗ ಅದು ತುಂಡಾಗದೆ ಹಿಗ್ಗಿ, ಮೈತುಂಬಾ ಸೂಕ್ಷ್ಮ ರಂಧ್ರ ಇರೋ ವಸ್ತು ಆಯ್ತು. ಪಿಟಿಎಫ್‌ಇ ಅಂದ್ರೆ ನಾನ್‌ಸ್ಟಿಕ್ ತವಾ ಮೇಲೆ ಇರತ್ತಲ್ಲ, ಅದೇ. ಈ ಜಾತಿಯ ಪೊರೆಗಳು ಬಂದಿದ್ದು ಅಲ್ಲಿಂದ. ರಂಧ್ರಗಳು ಒಂದು ಮೈಕ್ರಾನ್‌ಗಿಂತ ಸಣ್ಣ, ಹಾಗಾಗಿ ನೀರಿನ ಹನಿ ನುಗ್ಗಲ್ಲ, ಆವಿ ದಾಟುತ್ತೆ. ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ರಂಧ್ರ ಇಲ್ಲದ ಪಾಲಿಯುರಿಥೇನ್ ಪೊರೆ ಇರುತ್ತೆ. ಅದು ಬೆವರಿನ ಆವಿಯನ್ನ ಒಂದು ಕಡೆ ಹೀರಿಕೊಂಡು ಇನ್ನೊಂದು ಕಡೆ ಬಿಡುತ್ತೆ.

ಈ ಪೊರೆ ಸಾಮಾನ್ಯವಾಗಿ ಒಗೆದ್ರೆ ಹೋಗಲ್ಲ. ಹೋಗೋದು ಹೊರಗಿನ ಬಟ್ಟೆಯ ನೂಲಿನ ಮೈಗೆ ಹಚ್ಚಿರೋ ಇನ್ನೊಂದು ಲೇಪ. ಅದನ್ನ ಡ್ಯೂರಬಲ್ ವಾಟರ್ ರಿಪೆಲೆಂಟ್ ಅಂತಾರೆ, ಚಿಕ್ಕದಾಗಿ ಡಿಡಬ್ಲ್ಯುಆರ್. ಹೆಸರಲ್ಲಿ ಡ್ಯೂರಬಲ್ ಅಂತ ಇದೆ, ಆದ್ರೆ ಇಡೀ ಜಾಕೆಟ್‌ನಲ್ಲಿ ಮೊದಲು ಕೈಕೊಡೋದು ಇದೇ. ಇದು ಬಟ್ಟೆಯ ರಂಧ್ರ ಮುಚ್ಚೋ ಪದರ ಅಲ್ಲ. ಒಂದೊಂದು ನಾರಿನ ಸುತ್ತ ಅಂಟಿರೋ ಅತಿ ತೆಳು ಪಾಲಿಮರ್. ಆ ಪಾಲಿಮರ್‌ನಿಂದ ಬ್ರಷ್‌ನ ಕೂದಲಿನ ಹಾಗೆ ಪಕ್ಕದ ಸರಪಳಿಗಳು ಹೊರಗೆ ಚಾಚಿಕೊಂಡಿರುತ್ತೆ. ಕೂದಲಿನ ತುದಿ ಫ್ಲೋರಿನ್ ಇರೋದೋ, ಮೇಣದಂಥದ್ದೋ, ಸಿಲಿಕೋನ್ ಥರದ್ದೋ ಆಗಿರಬಹುದು. ಎಲ್ಲದರ ಉದ್ದೇಶ ಒಂದೇ, ನೀರಿಗೆ ಹಿಡಿದುಕೊಳ್ಳೋಕೆ ಏನೂ ಸಿಗದ ಮೇಲ್ಮೈ ಕೊಡೋದು.

ಇಲ್ಲಿ ಒಂದೇ ಒಂದು ಸೂತ್ರ ಹಾಕ್ತೀನಿ, ಹೆದರಬೇಡಿ. ಫಸ್ಟ್ ಇಯರ್ ಫಿಸಿಕ್ಸ್‌ದು. ಬಟ್ಟೆಯ ನಾರುಗಳ ನಡುವಿನ ಸಂದನ್ನ ಒಂದು ಸಣ್ಣ ಕೊಳವೆ ಅಂದ್ಕೊಂಡ್ರೆ, ನೀರನ್ನ ಒಳಗೆ ನೂಕೋಕೆ ಬೇಕಾದ ಒತ್ತಡ

ΔP = −4γ cosθ / d

γ ನೀರಿನ ಮೇಲ್ಮೈ ಎಳೆತ, ಸುಮಾರು 0.073 N/m. d ಸಂದಿನ ಅಗಲ. θ ಅಂದ್ರೆ ಹನಿ ಆ ಮೇಲ್ಮೈ ಮೇಲೆ ಕೂತಾಗ ಮಾಡೋ ಕೋನ. ಹನಿ ಗುಂಡಗೆ ಕೂತ್ರೆ θ 90 ಡಿಗ್ರಿಗಿಂತ ಜಾಸ್ತಿ, ಚಪ್ಪಟೆಯಾಗಿ ಹರಡಿದ್ರೆ ಕಡಿಮೆ. ಲೇಪ ಚೆನ್ನಾಗಿದ್ದು θ 110 ಡಿಗ್ರಿ, ಸಂದು 20 ಮೈಕ್ರಾನ್ ಅಂತ ಹಾಕಿ ನೋಡಿ. ಉತ್ತರ ಸುಮಾರು 5000 ಪ್ಯಾಸ್ಕಲ್, ಅಂದ್ರೆ ಅರ್ಧ ಮೀಟರ್ ನೀರಿನ ಕಂಬ ಬೇಕು ಒಳಗೆ ನೂಕೋಕೆ. ಈಗ ಲೇಪ ಸ್ವಲ್ಪ ಕೆಟ್ಟು θ 80 ಡಿಗ್ರಿಗೆ ಇಳೀತು ಅಂದ್ಕೊಳ್ಳಿ. cosθ ಧನಾತ್ಮಕ ಆಗುತ್ತೆ, ಒತ್ತಡದ ಚಿಹ್ನೆಯೇ ತಿರುಗುತ್ತೆ. ಇಲ್ಲಿವರೆಗೂ ನೀರನ್ನ ತಳ್ತಿದ್ದ ಬಟ್ಟೆ ಈಗ ಸುಮಾರು 2500 ಪ್ಯಾಸ್ಕಲ್‌ನಲ್ಲಿ ನೀರನ್ನ ತಾನೇ ಎಳ್ಕೊಳ್ಳುತ್ತೆ, ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ. ಜಾಕೆಟ್ ನಿಧಾನವಾಗಿ ಕೆಡಲ್ಲ, ಒಂದು ದಿನ ಇದ್ದಕ್ಕಿದ್ದ ಹಾಗೆ ಕೆಡುತ್ತೆ ಅಂತ ಅನ್ನಿಸೋದು ಈ ಚಿಹ್ನೆ ತಿರುಗೋದ್ರಿಂದ. ನಿಜವಾದ ಬಟ್ಟೆಯ ಸಂದು ನೇರ ಕೊಳವೆ ಅಲ್ಲ, ಗುಂಡಗಿನ ನಾರುಗಳ ನಡುವಿನ ಜಾಗ. ಹಾಗಾಗಿ 90ಕ್ಕಿಂತ ಸ್ವಲ್ಪ ಮೇಲಿದ್ದಾಗಲೇ ಸೋಲಬಹುದು. ಆದ್ರೂ ಲೆಕ್ಕದ ದಿಕ್ಕು ಸರಿ.

ಅದೇ ಸೂತ್ರಕ್ಕೆ ಪೊರೆಯ ರಂಧ್ರ, ಅರ್ಧ ಮೈಕ್ರಾನ್‌ಗಿಂತ ಸ್ವಲ್ಪ ಕಡಿಮೆ, 0.4 ಅಂತ ಹಾಕಿ. ಸುಮಾರು 25 ಮೀಟರ್ ನೀರಿನ ಕಂಬ ಬರುತ್ತೆ. ಒಂದು ಲೋಟ ನೀರು ಹತ್ತು ನಿಮಿಷ ನಿಂತ್ರೂ ನನ್ನ ಟಿಶ್ಯೂ ಯಾಕೆ ನೆನೀಲಿಲ್ಲ ಅಂತ ಈಗ ಅರ್ಥ ಆಯ್ತಲ್ಲ.

ಹಾಗಾದ್ರೆ ಒಳಗಿನ ನೀರು? ಅದು ನನ್ನದೇ ಬೆವರು. ಆವಿ ಹೊರಗೆ ಹೋಗೋದು ಒಳಗಿನ ಆವಿ ಒತ್ತಡ ಹೊರಗಿಂತ ಜಾಸ್ತಿ ಇದ್ರೆ ಮಾತ್ರ. ಜಾಕೆಟ್ ಒಳಗೆ 30 ಡಿಗ್ರಿ, ಶೇಕಡಾ 80 ತೇವ ಅಂದ್ರೆ ಆವಿ ಒತ್ತಡ ಸುಮಾರು 3.4 ಕಿಲೋಪ್ಯಾಸ್ಕಲ್. ಮಳೆ ಬರ್ತಿರೋ ಬೆಂಗಳೂರಿನ ಸಂಜೆ, ಹೊರಗೆ 21 ಡಿಗ್ರಿ, ಶೇಕಡಾ 95 ಅಂದ್ರೆ ಸುಮಾರು 2.4. ವ್ಯತ್ಯಾಸ ಬರೀ ಒಂದು ಕಿಲೋಪ್ಯಾಸ್ಕಲ್. ಹೊಸ ಜಾಕೆಟ್‌ಗೂ ಇಲ್ಲಿ ಕೆಲಸ ಕಷ್ಟಾನೇ. ಚಳಿ ದೇಶದ ಒಣ ಹವೆಗೆ ಹೋಲಿಸಿದ್ರೆ ನಮ್ಮ ಮಳೆಗಾಲದಲ್ಲಿ ಬ್ರೀದಬಲ್ ಅನ್ನೋ ಮಾತು ಅರ್ಧ ಮಾತ್ರ ನಿಜ. ಇದರ ಮೇಲೆ ಹೊರಗಿನ ಬಟ್ಟೆ ನೀರು ಕುಡಿದು ಪೊರೆ ಮೇಲೆ ಒದ್ದೆ ಪದರ ಕೂತ್ರೆ ಎರಡು ತೊಂದರೆ. ಆವಿಗೆ ಗಾಳಿಯ ದಾರಿ ಮುಚ್ಚಿಹೋಗುತ್ತೆ. ಜೊತೆಗೆ ಒದ್ದೆ ಬಟ್ಟೆ ಗಾಳಿಗೆ ತಣ್ಣಗಾಗಿ, ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟೋ ಹಾಗೆ ಜಾಕೆಟ್‌ನ ಒಳಮೈಯಲ್ಲಿ ಹನಿ ಕಟ್ಟುತ್ತೆ. ಗಾಡಿ ಮೇಲೆ ಹೋಗುವಾಗ ಎದುರುಗಾಳಿ ಬೇರೆ. ಇದನ್ನ ಇಂಗ್ಲಿಷ್‌ನಲ್ಲಿ ವೆಟ್ಟಿಂಗ್ ಔಟ್ ಅಂತಾರೆ. ನಮಗೆ ಅದು ಸೋರಿದ ಹಾಗೇ ಕಾಣುತ್ತೆ, ಎಷ್ಟೋ ಜನ ಒಳ್ಳೇ ಜಾಕೆಟ್ ಎಸೆಯೋದು ಇಲ್ಲೇ.

ಸರಿ, ಪೌಡರ್ ಏನು ಮಾಡುತ್ತೆ? ಇದು ನಂಗೆ ಸರಿಯಾಗಿ ಅರ್ಥ ಆಗಿದ್ದು ಪುಸ್ತಕದಿಂದ ಅಲ್ಲ, ಚಿಕ್ಕಪ್ಪನಿಂದ. ಕಾಮಾಕ್ಷಿಪಾಳ್ಯದ ಇಂಡಸ್ಟ್ರಿಯಲ್ ಏರಿಯಾ ಗೊತ್ತಿರೋರಿಗೆ ಅಲ್ಲಿನ ಚಿಕ್ಕ ಚಿಕ್ಕ ಪ್ಲೇಟಿಂಗ್ ಶಾಪ್‌ಗಳು ಗೊತ್ತಿರುತ್ತೆ. ಚಿಕ್ಕಪ್ಪ ಅಂಥ ಒಂದು ಶಾಪ್‌ನಲ್ಲಿ ಇಪ್ಪತ್ತು ವರ್ಷದಿಂದ ನಿಕ್ಕಲ್ ಪ್ಲೇಟಿಂಗ್ ಮಾಡ್ತಿದಾರೆ. ನಾನು ಜಾಕೆಟ್ ಕಥೆ ಹೇಳ್ದಾಗ ನಕ್ಕುಬಿಟ್ರು.

"ನಮ್ದು ಉಲ್ಟಾ ಕಣೋ," ಅಂದ್ರು. "ಪ್ಲೇಟಿಂಗ್‌ಗೆ ಮುಂಚೆ ಪೀಸ್‌ನ ಕ್ಲೀನರ್‌ನಲ್ಲಿ ಅದ್ದಿ ತೊಳೀತೀವಿ. ಆಮೇಲೆ ನೀರಿಂದ ಎತ್ತಿ ನೋಡ್ತೀವಿ. ನೀರು ಒಂದೇ ಹಾಳೆ ಥರ ಹರಡಿ ನಿಂತಿದ್ರೆ ಪೀಸ್ ಕ್ಲೀನ್. ಎಲ್ಲಾದ್ರೂ ಒಡೆದು ಹನಿ ಹನಿ ಆಯ್ತಾ, ಅಲ್ಲಿ ಎಣ್ಣೆ ಇದೆ ಅಂತ. ವಾಪಸ್ ತೊಟ್ಟಿಗೆ. ನಮ್ಗೆ ನೀರು ಒಡೀಬಾರ್ದು, ನಿಂಗೆ ಒಡೀಬೇಕು."

ಈ ಪರೀಕ್ಷೆಗೆ ವಾಟರ್ ಬ್ರೇಕ್ ಟೆಸ್ಟ್ ಅಂತ ಹೆಸರು. ಆಮೇಲೆ ಚಿಕ್ಕಪ್ಪ ಹೇಳಿದ ಇನ್ನೊಂದು ಮಾತೇ ಮುಖ್ಯ. "ಒಂದೊಂದ್ಸಲ ಮೋಸ ಆಗುತ್ತೆ. ಎಣ್ಣೆ ಹೋಗಿರಲ್ಲ, ಕ್ಲೀನರ್‌ನ ಸೋಪೇ ಅದರ ಮೇಲೆ ಕೂತಿರುತ್ತೆ. ನೀರು ಚೆನ್ನಾಗಿ ಹರಡುತ್ತೆ, ನಾವು ಕ್ಲೀನ್ ಅಂದ್ಕೊಂಡು ಪ್ಲೇಟಿಂಗ್ ಮಾಡ್ತೀವಿ, ಆಮೇಲೆ ಸಿಪ್ಪೆ ಏಳುತ್ತೆ. ಅದಕ್ಕೇ ಚೆನ್ನಾಗಿ ಜಾಲಿಸಿ ಆಮೇಲೆ ನೋಡ್ಬೇಕು."

ಎಣ್ಣೆ ಹಾಗೇ ಇದ್ದು ಮೇಲೆ ಸೋಪು ಕೂತ್ರೆ ನೀರು ಹರಡುತ್ತೆ. ನನ್ನ ಜಾಕೆಟ್‌ನಲ್ಲಿ ಆಗಿದ್ದೂ ಇದೇ! ಡಿಟರ್ಜೆಂಟ್‌ನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಆಗಲ್ಲ. ನೀರು ಆಗದ ಬಾಲ ಎಲ್ಲಿ ಹೋಗಿ ಕೂರುತ್ತೆ? ನೀರನ್ನ ದೂರ ಇಡೋ ಇನ್ನೊಂದು ಮೇಲ್ಮೈ ಸಿಕ್ಕಿದ್ರೆ ಅಲ್ಲಿ. ಡಿಡಬ್ಲ್ಯುಆರ್ ಲೇಪ ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಾಲ ಲೇಪದ ಮೇಲೆ ಮಲಗುತ್ತೆ, ತಲೆ ಹೊರಗೆ ತಿರುಗುತ್ತೆ. ಈಗ ಮಳೆ ಹನಿಗೆ ಎದುರು ಸಿಗೋದು ಲೇಪ ಅಲ್ಲ, ನೀರನ್ನ ಕೈಬೀಸಿ ಕರೆಯೋ ತಲೆಗಳ ಸಾಲು. ಲೇಪ ಅಡಿಯಲ್ಲಿ ಹಾಗೇ ಇದೆ, ಆದ್ರೆ ಕೆಲಸಕ್ಕೆ ಬರ್ತಿಲ್ಲ. ಜೊತೆಗೆ ಉಳಿದ ಸೋಪು ಮಳೆ ನೀರಲ್ಲಿ ಕರಗಿ ಆ ನೀರಿನ γ ಕೂಡ ಇಳಿಸುತ್ತೆ. ಸೂತ್ರದ ಎರಡೂ ಕಡೆಯಿಂದ ಹೊಡೆತ.

ಕಂಡೀಷನರ್ ಇದರ ಅಪ್ಪ. ಪೌಡರ್‌ನ ಸೋಪು ಜಾಲಿಸಿದಾಗ ಹೋಗಬೇಕು ಅಂತ ಮಾಡಿರೋದು. ಕಂಡೀಷನರ್ ಬಟ್ಟೆ ಮೇಲೆ ಉಳೀಬೇಕು ಅಂತಾನೇ ಮಾಡಿರೋದು. ಅದರ ಅಣುವಿನ ತಲೆಗೆ ಧನ ವಿದ್ಯುದಂಶ ಇದೆ, ನೀರಲ್ಲಿ ಬಟ್ಟೆಯ ಮೈಗೆ ಸಾಮಾನ್ಯವಾಗಿ ಋಣ. ಹಾಗಾಗಿ ಅಂಟಿಕೊಂಡು ಕೂರುತ್ತೆ, ಕೊನೇ ನೀರಲ್ಲಿ ಹಾಕೋದ್ರಿಂದ ಆಮೇಲೆ ಜಾಲಿಸೋದೂ ಇಲ್ಲ. ಟವೆಲ್‌ಗೆ ಮೆತ್ತಗೆ ಅನ್ನಿಸೋದು ಆ ಪದರದಿಂದಲೇ. ಜಾಕೆಟ್‌ಗೆ ಅದೇ ಪದರ ಶತ್ರು.

ನಮ್ಮನೇದು ಬೋರ್‌ವೆಲ್ ನೀರು. ಬಕೆಟ್ ಅಂಚಲ್ಲಿ, ನಲ್ಲಿ ಬಾಯಲ್ಲಿ ಬಿಳಿ ಕಟ್ಟುತ್ತಲ್ಲ, ಆ ಥರದ ಗಡಸು ನೀರು. ಪೌಡರ್‌ನಲ್ಲಿ ವಾಷಿಂಗ್ ಸೋಡಾ ಇರುತ್ತೆ, ಅದು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ನೂಲಿನ ಸಂದಲ್ಲಿ ಸಣ್ಣ ಪುಡಿಯಾಗಿ ಕೂರುತ್ತೆ. ಕಪ್ಪು ಪ್ಯಾಂಟ್ ಮೇಲೆ ಒಗೆದ ಮೇಲೂ ಬೂದಿ ಥರ ಕಾಣೋದು ಬಹಳ ಸಲ ಇದೇ. ಈ ಪುಡಿಗೂ ನೀರು ಅಂದ್ರೆ ಇಷ್ಟ.

ಇಲ್ಲಿವರೆಗೂ ಹೇಳಿದ್ದು ಲೇಪದ ಮೇಲೆ ಕೂರೋ ಕೊಳೆ. ಒಗೆಯೋದ್ರಿಂದ ಆಗೋ ಎರಡನೇ ಕೆಡುಕು ಲೇಪದ ಒಳಗೇ ಆಗುತ್ತೆ, ನಂಗೆ ತುಂಬಾ ಇಷ್ಟ ಆಗಿದ್ದು ಇದು. ಆ ಬ್ರಷ್ ಕೂದಲಿನ ಥರದ ಸರಪಳಿಗಳು ಹೇಳಿದ್ನಲ್ಲ, ಅವು ಗಾಳಿಯಲ್ಲಿ ಇರೋವಾಗ ನೆಟ್ಟಗೆ ಹೊರಗೆ ನಿಂತಿರುತ್ತೆ. ನೀರಲ್ಲಿ ಗಂಟೆಗಟ್ಟಲೆ ನೆನೆಸಿದ್ರೆ, ನೀರಿನಿಂದ ತಪ್ಪಿಸಿಕೊಳ್ಳೋಕೆ ಅವು ಮಡಚಿಕೊಂಡು ಒಳಗೆ ತಿರುಗುತ್ತೆ. ಆಗ ಪಾಲಿಮರ್‌ನ ಬೆನ್ನೆಲುಬಲ್ಲಿರೋ ನೀರು ಇಷ್ಟ ಇರೋ ಗುಂಪುಗಳು ಮೇಲೆ ಬರುತ್ತೆ. ಬಟ್ಟೆ ಒಣಗಿದ ಮೇಲೂ ತಣ್ಣಗಿನ ಪಾಲಿಮರ್‌ನಲ್ಲಿ ಸರಪಳಿಗೆ ಅಲ್ಲಾಡೋ ಶಕ್ತಿ ಇಲ್ಲ, ಮಡಚಿದ್ದು ಹಾಗೇ ಉಳಿಯುತ್ತೆ. ಬಿಸಿ ಕೊಟ್ರೆ ಅಲ್ಲಾಡೋಕೆ ಶುರುವಾಗಿ ಮತ್ತೆ ಗಾಳಿ ಕಡೆಗೆ ಎದ್ದು ನಿಲ್ಲುತ್ತೆ. ಜಾಕೆಟ್ ಲೇಬಲ್‌ಗಳಲ್ಲಿ ಮಿಕ್ಕ ಬಟ್ಟೆಗೆ ಇಲ್ಲದ ಹಾಗೆ, ಒಣಗಿದ ಮೇಲೂ ಸ್ವಲ್ಪ ಬಿಸಿ ಕೊಡಿ ಅಂತ ಬರೆದಿರೋದು ಇದಕ್ಕೇ.

ಹಳೇ ಜಾಕೆಟ್‌ಗಳ ಲೇಪದಲ್ಲಿ ಸರಪಳಿಗೆ ಎಂಟು ಕಾರ್ಬನ್ ಇರ್ತಿತ್ತು. ಅಷ್ಟು ಉದ್ದ ಇದ್ರೆ ಸರಪಳಿಗಳು ಒಂದರ ಪಕ್ಕ ಒಂದು ಹರಳಿನ ಹಾಗೆ ಗಟ್ಟಿಯಾಗಿ ಜೋಡಿಸಿಕೊಳ್ಳುತ್ತೆ, ಸುಲಭವಾಗಿ ಮಡಚಲ್ಲ. ಆದ್ರೆ ಅದರ ಜೊತೆ ಬರೋ ಪಿಎಫ್‌ಒಎ ಅನ್ನೋ ರಾಸಾಯನಿಕ ಪರಿಸರದಲ್ಲಿ ಕೊಳೆಯೋದೇ ಇಲ್ಲ. 2019ರಲ್ಲಿ ಅದನ್ನ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಿದ್ರು. ಕಂಪನಿಗಳು ಆರು ಕಾರ್ಬನ್‌ಗೆ ಇಳಿದವು, ಅದು ಅಷ್ಟು ಗಟ್ಟಿಯಾಗಿ ಜೋಡಿಸಿಕೊಳ್ಳಲ್ಲ, ಹಾಗಾಗಿ ಒಗೆದಾಗ ಬೇಗ ಮಡಚುತ್ತೆ, ಬಿಸಿ ಹೆಚ್ಚು ಬೇಕಾಗುತ್ತೆ. ಈಗ ಫ್ಲೋರಿನ್ನೇ ಇಲ್ಲದ ಲೇಪಗಳು ಬರ್ತಿವೆ, ಅದರ ಕಥೆ ಆಮೇಲೆ.

ಮೂರನೇದು ಸವೆತ. ಇದಕ್ಕೆ ರಸಾಯನಶಾಸ್ತ್ರ ಬೇಡ. ಪ್ಲಾಸ್ಟಿಕ್ ಬ್ರಷ್ ಹಾಕಿ ಕಲ್ಲಿನ ಮೇಲೆ ಉಜ್ಜಿದ್ರೆ ಲೇಪವೇ ಕಿತ್ತು ಹೋಗುತ್ತೆ. ಹೋಗಿದ್ದು ಹೋಯ್ತು.

ಈ ಮೂರರಲ್ಲಿ ನನ್ನ ಜಾಕೆಟ್‌ಗೆ ಆಗಿರೋದು ಯಾವುದು ಅಂತ ಹೇಗೆ ತಿಳಿಯೋದು? ಮೂರಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಒಂದೊಂದೇ ಮದ್ದು ಮಾಡ್ತಾ ಎಲ್ಲಿ ಸರಿಹೋಗುತ್ತೆ ಅಂತ ನೋಡಿದ್ರೆ ಕಾಯಿಲೆ ತಾನಾಗೇ ಗೊತ್ತಾಗುತ್ತೆ. ಅಳೆಯೋಕೆ ಒಂದು ವಿಧಾನ ಬೇಕಿತ್ತು. ಐಎಸ್ಒ 4920 ಅಂತ ಒಂದು ಸ್ಪ್ರೇ ಪರೀಕ್ಷೆ ಇದೆ. ಬಟ್ಟೆಯನ್ನ ಕಸೂತಿ ರಿಂಗ್ ಥರದ ಚೌಕಟ್ಟಿನಲ್ಲಿ ಬಿಗಿದು 45 ಡಿಗ್ರಿ ಓರೆಯಾಗಿ ಇಟ್ಟು, 15 ಸೆಂಟಿಮೀಟರ್ ಮೇಲಿಂದ ತೂತಿರೋ ನಳಿಗೆಯಿಂದ 250 ಮಿಲಿ ನೀರು ಸುರೀತಾರೆ. ಸುಮಾರು ಅರ್ಧ ನಿಮಿಷದಲ್ಲಿ ನೀರು ಖಾಲಿ ಆಗಬೇಕು. ಆಮೇಲೆ ರಿಂಗ್‌ನ ಎರಡು ಸಲ ತಟ್ಟಿ, ಎಷ್ಟು ನೆಂದಿದೆ ಅಂತ ಚಿತ್ರಗಳ ಪಟ್ಟಿ ಜೊತೆ ಹೋಲಿಸ್ತಾರೆ. 100 ಅಂದ್ರೆ ಒಂದು ಹನೀನೂ ಅಂಟಿಲ್ಲ. 90 ಅಂದ್ರೆ ಅಲ್ಲೊಂದು ಇಲ್ಲೊಂದು. 80 ಅಂದ್ರೆ ನೀರು ಬಿದ್ದ ಚುಕ್ಕೆಗಳಲ್ಲಿ ಮಾತ್ರ ನೆಂದಿದೆ. 70 ಅಂದ್ರೆ ಮೇಲ್ಮೈ ಭಾಗಶಃ, 50 ಅಂದ್ರೆ ಮೇಲ್ಮೈ ಪೂರ್ತಿ ನೆಂದಿದೆ. ಅದರ ಕೆಳಗೆ ಸೊನ್ನೆ, ಹಿಂಬದಿನೂ ನೆಂದಿದೆ ಅಂತ.

ಅಮ್ಮನ ಹತ್ರ ಕಸೂತಿ ರಿಂಗ್ ಇತ್ತು. ಕೇಳಿದಾಗ "ನೀನು ಕಸೂತಿ ಹಾಕ್ತೀಯಾ?" ಅಂತ ನೋಡಿದ್ರು. ನೀರಿನ ಬಾಟಲ್ ಮುಚ್ಚಳಕ್ಕೆ ಪಿನ್ ಕಾಯಿಸಿ ತೂತು ಹಾಕಿ, 250 ಮಿಲಿ ಅರ್ಧ ನಿಮಿಷದಲ್ಲಿ ಬೀಳೋ ತನಕ ತೂತು ಹೆಚ್ಚು ಮಾಡ್ತಾ ಹೋದೆ. ನೀರು ಮಾತ್ರ ಬೋರ್‌ವೆಲ್‌ದಲ್ಲ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ಅಂಕ ಕೊಟ್ಟಿದ್ದು ನನ್ನ ಕಣ್ಣು, ಲ್ಯಾಬ್ ಅಲ್ಲ. ಹಾಗಾಗಿ ಐದು ಹತ್ತು ಹೆಚ್ಚು ಕಡಿಮೆ ಇಟ್ಕೊಳ್ಳಿ. ಎರಡು ಜಾಗ ಆರಿಸಿಕೊಂಡೆ. ಒಂದು ಎದೆಯ ಭಾಗ, ಇನ್ನೊಂದು ದಿನಾ ಕಾಲೇಜ್ ಬ್ಯಾಗಿನ ಪಟ್ಟಿ ಉಜ್ಜೋ ಭುಜ.

ಶುರುವಲ್ಲಿ ಎರಡೂ 50. ಪೂರ್ತಿ ನೆನೆದೋಗ್ತಿತ್ತು.

ಮೊದಲನೇ ಮದ್ದು ಬರೀ ನೀರು. ಉಗುರುಬೆಚ್ಚಗಿನ ನೀರಲ್ಲಿ ಸೋಪು ಏನೂ ಹಾಕದೆ ಕೈಯಲ್ಲಿ ಅದುಮಿ ಅದುಮಿ ಜಾಲಿಸಿದೆ. ಏನೂ ಹಾಕದಿದ್ರೂ ಮೊದಲನೇ ಬಕೆಟ್‌ನಲ್ಲಿ ನೊರೆ ಬಂತು! ಅಷ್ಟು ಸೋಪು ಬಟ್ಟೇಲೇ ಕೂತಿತ್ತು. ನೊರೆ ನಿಲ್ಲೋಕೆ ನಾಲ್ಕು ಬಕೆಟ್ ಬೇಕಾಯ್ತು, ಕೊನೇದಕ್ಕೆ ಟೆರೇಸ್‌ನಲ್ಲಿ ಹಿಡಿದಿಟ್ಟಿದ್ದ ಮಳೆ ನೀರು ಬಳಸಿದೆ. ಹಿಂಡದೆ ನೆರಳಲ್ಲಿ ನೇತುಹಾಕಿ ಒಣಗಿಸಿ ಪರೀಕ್ಷೆ ಮಾಡಿದ್ರೆ ಎದೆ ಭಾಗ 70ಕ್ಕೆ ಬಂದಿತ್ತು. ಭುಜ 50ರಲ್ಲೇ.

ಎರಡನೇ ಮದ್ದು ಬಿಸಿ. ಡ್ರೈಯರ್ ನಮ್ಮನೇಲಿಲ್ಲ, ಇಸ್ತ್ರಿ ಪೆಟ್ಟಿಗೆ ಇದೆ. ಲೇಬಲ್‌ನಲ್ಲಿ ಇಸ್ತ್ರಿ ಗುರುತಿಗೆ ಅಡ್ಡಗೆರೆ ಇಲ್ಲ, ಒಂದು ಚುಕ್ಕೆ ಇದೆ ಅಂತ ನೋಡ್ಕೊಂಡು, ತೀರಾ ಕಡಿಮೆ ಬಿಸಿಗೆ ಇಟ್ಟು, ಸ್ಟೀಮ್ ಇಲ್ಲದೆ, ಜಾಕೆಟ್ ಮೇಲೆ ತೆಳು ಹತ್ತಿ ಟವೆಲ್ ಹಾಸಿ ನಿಧಾನಕ್ಕೆ ಓಡಿಸಿದೆ. ಪೂರ್ತಿ ಒಣಗಿರಬೇಕು, ಇಲ್ಲದಿದ್ರೆ ಬಿಸಿಯೆಲ್ಲ ನೀರು ಆವಿ ಮಾಡೋಕೇ ಹೋಗುತ್ತೆ. ಹೊಲಿಗೆ ಒಳಗಡೆ ಅಂಟಿಸಿರೋ ಟೇಪ್ ಮೇಲೆ ಹೆಚ್ಚು ಹೊತ್ತು ನಿಲ್ಲಿಸಬಾರದು, ಅಂಟು ಬಿಟ್ಕೊಂಡ್ರೆ ಆಗ ನಿಜವಾಗಲೂ ಸೋರುತ್ತೆ. ಎದೆ ಭಾಗ ತಣ್ಣಗಾದ ಮೇಲೆ ನೀರು ಸುರಿದೆ. 90! ಜೂನ್‌ನಲ್ಲಿ ಕಂಡ ಮುತ್ತುಗಳು ವಾಪಸ್. ಭುಜ 50ರಿಂದ ಕಷ್ಟಪಟ್ಟು 70 ಹತ್ರ ಬಂತು, ಪಟ್ಟಿ ನೇರ ಉಜ್ಜೋ ಗೆರೆ ಮಾತ್ರ ಹಾಗೇ ಕಪ್ಪಾಗಿ ನೆನೀತಿತ್ತು.

ಎದೆಯಲ್ಲಿ ಲೇಪ ಇತ್ತು, ಮೇಲೆ ಸೋಪು ಕೂತು, ಸರಪಳಿ ಮಡಚಿ ಮಲಗಿತ್ತು. ಭುಜದಲ್ಲಿ ಲೇಪವೇ ಸವೆದಿದೆ. ಎಷ್ಟು ಜಾಲಿಸಿದ್ರೂ ಕಾಯಿಸಿದ್ರೂ ಇಲ್ಲದ್ದು ಬರಲ್ಲ. ಇಲ್ಲಿ ಮೂರನೇ ಮದ್ದು ಬೇಕು, ಹೊಸ ಲೇಪ. ಅಂಗಡೀಲಿ ಎರಡು ಥರ ಸಿಗುತ್ತೆ, ನೀರಿಗೆ ಹಾಕಿ ಇಡೀ ಜಾಕೆಟ್ ಅದ್ದೋದು, ಮತ್ತು ಮೇಲಿಂದ ಸ್ಪ್ರೇ ಮಾಡೋದು. ಅದ್ದಿದ್ರೆ ಒಳಗಿನ ಲೈನಿಂಗ್‌ಗೂ ನೀರು ತಳ್ಳೋ ಗುಣ ಬಂದು ಬೆವರು ಹೀರೋದು ಕಡಿಮೆ ಆಗಬಹುದು, ಹಾಗಾಗಿ ನಂಗೆ ಸ್ಪ್ರೇ ಸರಿ ಅನ್ನಿಸ್ತು. ತೊಳೆದು ಸೋಪು ತೆಗೆದ ಬಟ್ಟೆ ಮೇಲೆ ಮಾತ್ರ ಅದು ಹಿಡಿಯುತ್ತೆ. ಚಿಕ್ಕಪ್ಪನ ಮಾತು ಮತ್ತೆ, ಸೋಪಿನ ಮೇಲೆ ಪ್ಲೇಟಿಂಗ್ ಮಾಡಿದ್ರೆ ಸಿಪ್ಪೆ ಏಳುತ್ತೆ. ಕಾರ್ಖಾನೇಲಿ ಲೇಪವನ್ನ ಸುಮಾರು 150 ಡಿಗ್ರಿಗೂ ಮೇಲೆ ಕಾಯಿಸಿ ನಾರಿಗೆ ಗಟ್ಟಿ ಮಾಡ್ತಾರೆ. ಮನೇಲಿ ಅಷ್ಟು ಬಿಸಿ ಕೊಡೋಕಾಗಲ್ಲ, ಹಾಗಾಗಿ ಮನೇಲಿ ಹಾಕಿದ ಲೇಪ ಕಂಪನಿ ಲೇಪದಷ್ಟು ದಿನ ಬರಲ್ಲ.

ಇಷ್ಟು ಓದಿ "ಹಾಗಾದ್ರೆ ಜಾಕೆಟ್ ಒಗೆಯೋದೇ ಬೇಡ" ಅಂತ ತೀರ್ಮಾನ ಮಾಡ್ಬೇಡಿ. ನನ್ನ ರೂಮ್‌ಮೇಟ್ ಫ್ರೆಂಡ್ ಒಬ್ಬ ಹಾಗೇ ಮಾಡಿದಾನೆ, ಎರಡು ವರ್ಷದಿಂದ ಒಗೆದಿಲ್ಲ. ಅವನ ಜಾಕೆಟ್‌ನ ಟೋಪಿ ಮತ್ತು ಕಾಲರ್ ಮಳೇಲಿ ಮೊದಲು ನೆನೆಯುತ್ತೆ. ಕಾರಣ ಕೊಬ್ಬರಿ ಎಣ್ಣೆ! ಫ್ಲೋರಿನ್ ಲೇಪ ಎಣ್ಣೆಯನ್ನೂ ದೂರ ಇಡುತ್ತೆ. ಈಗಿನ ಫ್ಲೋರಿನ್ ಇಲ್ಲದ ಲೇಪ ನೀರನ್ನ ತಳ್ಳುತ್ತೆ, ಎಣ್ಣೆಯನ್ನ ತಳ್ಳಲ್ಲ. ಎಣ್ಣೆಯ ಮೇಲ್ಮೈ ಎಳೆತ ನೀರಿನ ಅರ್ಧಕ್ಕಿಂತ ಕಡಿಮೆ, ಸುಮಾರು 0.03 N/m. ಮೇಣದಂಥ ಮೇಲ್ಮೈ ಮೇಲೆ ಅದು ಆರಾಮಾಗಿ ಹರಡುತ್ತೆ. ತಲೆ ಎಣ್ಣೆ, ಬೆವರು, ಮಾಗಡಿ ರೋಡ್‌ನ ಹೊಗೆ ಧೂಳು ಸೇರಿ ಒಂದು ಪದರ ಆದ್ರೆ ಅದೂ ಸೋಪಿನ ಹಾಗೇ ಲೇಪ ಮುಚ್ಚುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಹೊಸ ಬಟ್ಟೆಗಳಲ್ಲಿ ಬೇಕಂತಲೇ ಈ ಫ್ಲೋರಿನ್ ರಾಸಾಯನಿಕ ಸೇರಿಸೋದಕ್ಕೆ ನಿಷೇಧ ಇದೆ, ದೊಡ್ಡ ಕಂಪನಿಗಳು ಎಲ್ಲ ಕಡೆ ಬದಲಾಯಿಸ್ತಿವೆ. ಹಾಗಾಗಿ ಮುಂದೆ ನಾವು ಕೊಳ್ಳೋ ಜಾಕೆಟ್‌ಗಳನ್ನ ಹಳೇದಕ್ಕಿಂತ ಹೆಚ್ಚು ಸಲ ಒಗೀಬೇಕಾಗುತ್ತೆ, ಆದ್ರೆ ಸರಿಯಾಗಿ.

ಸರಿಯಾಗಿ ಅಂದ್ರೆ ನಮ್ಮನೇಲಿ ಈಗ ನಡೀತಿರೋದು ಇದು. ರಾತ್ರಿ ನೆನೆಸೋದು ಇಲ್ಲ, ಬ್ರಷ್ ಇಲ್ಲ, ಕಂಡೀಷನರ್ ಇಲ್ಲವೇ ಇಲ್ಲ. ಜಿಪ್ ಎಲ್ಲ ಹಾಕಿ, ಉಗುರುಬೆಚ್ಚಗಿನ ನೀರಿಗೆ ಒಂದು ಚಮಚದಷ್ಟು ಲಿಕ್ವಿಡ್ ಡಿಟರ್ಜೆಂಟ್. ಪೌಡರ್ ಬೇಡ, ಕರಗದೆ ಉಳಿಯೋದು ಅದರಲ್ಲೇ ಜಾಸ್ತಿ. ಇಂಥ ಜಾಕೆಟ್‌ಗೆ ಅಂತಾನೇ ಮಾಡಿದ ವಾಶ್ ಸಿಗುತ್ತೆ, ಸಿಕ್ಕಿದ್ರೆ ಅದು ಇನ್ನೂ ಒಳ್ಳೇದು, ಬಟ್ಟೆ ಮೇಲೆ ಕಡಿಮೆ ಉಳಿಯುತ್ತೆ. ಕಾಲರ್ ಮತ್ತು ಟೋಪಿಯ ಅಂಚನ್ನ ಬೆರಳಲ್ಲೇ ಉಜ್ಜಬೇಕು. ಆಮೇಲೆ ನೊರೆ ಪೂರ್ತಿ ನಿಲ್ಲೋ ತನಕ ಜಾಲಿಸೋದು, ಒಗೆಯೋದಕ್ಕಿಂತ ಜಾಲಿಸೋದಕ್ಕೇ ಹೆಚ್ಚು ಹೊತ್ತು. ಮೆಷಿನ್‌ಗೆ ಹಾಕಿದ್ರೆ ಜೋರು ಸ್ಪಿನ್ ಕೊಡ್ಬೇಡಿ. ನೀರು ತೂರದ ಬಟ್ಟೆ ಅಲ್ವಾ, ನೀರನ್ನ ಚೀಲದ ಥರ ಹಿಡಿದಿಟ್ಟುಕೊಂಡು ಡ್ರಮ್ ಒಂದು ಕಡೆಗೆ ಭಾರ ಆಗಿ ಮೆಷಿನ್ ಕುಣಿಯುತ್ತೆ.

ಇಸ್ತ್ರಿ ಪ್ರತಿ ಸಲ ಬೇಕಾಗಿಲ್ಲ. ಒಣಗಿದ ಮೇಲೆ ತೋಳಿನ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡ್ತೀನಿ. ಉರುಳಿದ್ರೆ ಬಿಡ್ತೀನಿ, ಕೂತ್ರೆ ಕಾಯಿಸ್ತೀನಿ. ಭುಜಕ್ಕೆ ಸ್ಪ್ರೇ ಹಾಕಿ ಎರಡು ತಿಂಗಳಾಯ್ತು. ಬ್ಯಾಗಿನ ಪಟ್ಟಿ ಕೆಳಗೆ ಎಡಭುಜದಲ್ಲಿ ಎರಡು ಬೆರಳಗಲ ಜಾಗ ಮತ್ತೆ ಕಪ್ಪಾಗೋಕೆ ಶುರುವಾಗಿದೆ, ಈ ಭಾನುವಾರ ಕಸೂತಿ ರಿಂಗ್ ಮತ್ತೆ ಕೇಳ್ಬೇಕು.